ಹೆಸರು ಮೂಡಲ, ಪ್ಯಾನೆಲ್ ತೆಂಕಲಿಗೆ

ಶಿರಾದಲ್ಲಿ ಸೋಲಾರ್ ಪ್ಯಾನೆಲ್ ಅಳವಡಿಸುವ ಕೆಲಸಕ್ಕೆ ಅಂಗಡಿ ಹಿಡಿದಾಗ ನನ್ನ ಮನಸ್ಸಿನಲ್ಲಿದ್ದ ಹೆಸರುಗಳೆಲ್ಲ ‘ಸೂರ್ಯ’ದಿಂದಲೇ ಶುರುವಾಗುತ್ತಿದ್ದವು. 2024ರಲ್ಲಿ ಮನೆ ಮಾಳಿಗೆಯ ಸೋಲಾರಿಗೆ ಸಹಾಯಧನ ಕೊಡುವ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ಅವನ್ನೆಲ್ಲ ಕೈಬಿಟ್ಟೆ. ಸೂರ್ಯ ಎಂದರೆ ಮನೆಯವರು ನನ್ನನ್ನು ಸರ್ಕಾರದ ಕಡೆಯವನು, ಪುಕ್ಕಟೆ ಹಾಕಿಕೊಡುವವನು ಎಂದುಕೊಳ್ಳುತ್ತಿದ್ದರು. ದುಡ್ಡಿನ ಮಾತು ಬಂದ ಕೂಡಲೇ ಮುಖ ಬಿಗಿಯುತ್ತಿತ್ತು. ರೈತರ ಅನುಮಾನ ಬೇರೆ. ಸರ್ಕಾರದ ಕುಸುಮ್ ಯೋಜನೆಯ ಸೋಲಾರ್ ಪಂಪ್‌ಸೆಟ್ಟಿನ ನೆಪದಲ್ಲಿ ನಕಲಿ ಜಾಲತಾಣಗಳು ಮುಂಗಡ ಕಿತ್ತ ಕಥೆ ಅವರ ಕಿವಿಗೆ ಬಿದ್ದಿತ್ತು. ಯೋಜನೆಯ ವಾಸನೆ ಇರುವ ಹೆಸರೇ ಅವರಿಗೆ ಬೇಡ.

ಆಮೇಲೆ ‘ಹಗಲು’ ಹೊಳೆಯಿತು. ರಾತ್ರಿ ಎದ್ದು ಮೋಟರ್ ಹಾಕಲು ಹೋಗುವ ರೈತನಿಗೆ ಹಗಲು ಕರೆಂಟಿಗಿಂತ ದೊಡ್ಡ ಆಸೆ ಇಲ್ಲ. ಮೂರು ದಿನ ಅದೇ ಗುಂಗಿನಲ್ಲಿದ್ದೆ. ಚಹಾ ಅಂಗಡಿಯಲ್ಲಿ ಹೇಳಿದಾಗ ಹಿರಿಯರೊಬ್ಬರು, “ಮೊದಲ ಬಿಲ್ ಕೊಟ್ಟ ದಿನವೇ ಜನ ಪಕ್ಕದಲ್ಲಿ ದರೋಡೆ ಅಂತ ಸೇರಿಸುತ್ತಾರಪ್ಪ” ಎಂದರು. ಹಗಲುವೇಷವೂ ನೆನಪಾಯಿತು. ಆ ಹೆಸರು ಅಲ್ಲಿಗೇ ಮುಗಿಯಿತು.

‘ಮೂಡಲ’ ನಾನು ಹುಡುಕಿದ್ದಲ್ಲ. ಗ್ರಾಹಕರೊಬ್ಬರು ಜಾಗ ತೋರಿಸುತ್ತಾ “ಮೂಡಲ ಗೋಡೆಯ ಮೇಲೆ ಮೀಟರ್, ಮೂಡಲ ಹೊಲದಲ್ಲಿ ಬೋರ್‌ವೆಲ್” ಎಂದರು. ಮನೆಗೂ ಹೊಲಕ್ಕೂ ಒಂದೇ ಮಾತು, ಜೊತೆಗೆ ಅದು ಹೊತ್ತು ಹುಟ್ಟುವ ದಿಕ್ಕು. ಸೋಲಾರ್ ಎಂದಷ್ಟೇ ಬರೆದರೆ ಮನೆಯಲ್ಲಿ ಬಿಸಿನೀರಿನ ಟ್ಯಾಂಕ್, ಹೊಲದಲ್ಲಿ ಬೇಲಿ ನೆನಪಾಗುತ್ತದೆ. ಆದ್ದರಿಂದ ಬೋರ್ಡಿನ ಮೇಲೆ ‘ಮೂಡಲ ಸೋಲಾರ್ ಕರೆಂಟ್: ಮನೆಗೆ, ಮೋಟರಿಗೆ’ ಎಂದು ಬರೆಸಿದೆ.

ಎಡವಿದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಜಿಎಸ್‌ಟಿಯಲ್ಲಿ Moodala ಎಂದಿತ್ತು, ವಿಸಿಟಿಂಗ್ ಕಾರ್ಡಿನಲ್ಲಿ Mudala ಎಂದು ಅಚ್ಚಾಗಿತ್ತು. ಮನೆಗೆ ಸಹಾಯಧನ ಬೇಕಾದರೆ ಯೋಜನೆಯ ಜಾಲತಾಣದ ಪಟ್ಟಿಯಲ್ಲಿರುವ ಮಾರಾಟಗಾರರನ್ನೇ ಆರಿಸಬೇಕು. ಒಬ್ಬ ಗ್ರಾಹಕರ ಮಗ ಕಾರ್ಡ್ ನೋಡಿಕೊಂಡು ಹುಡುಕಿದ, ಸಿಗಲಿಲ್ಲ. ನಾನು ನಕಲಿ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿ. ಜಿಎಸ್‌ಟಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಎರಡನ್ನೂ ಅವರ ಜಗಲಿಯ ಮೇಲೆ ಹರಡಿ ತೋರಿಸಬೇಕಾಯಿತು. ಉಳಿದ ಕಾರ್ಡುಗಳನ್ನು ಒಲೆಗೆ ಹಾಕಿದೆ. ಈಗ ಕಾರ್ಡು, ಬಿಲ್ಲು, ಖಾತೆ, ಪಟ್ಟಿ ಎಲ್ಲದರಲ್ಲೂ ಅಕ್ಷರ ಬಿಡದೆ ಒಂದೇ ಹೆಸರು. ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಅದೇ ಕಾಗುಣಿತದಲ್ಲಿ, ಅಳವಡಿಕೆಯ ಕೆಲಸಕ್ಕಿರುವ 37ನೇ ವರ್ಗದಲ್ಲಿ ಹಾಕಿದ್ದೇನೆ. 9ನೇ ವರ್ಗ ಪ್ಯಾನೆಲ್ ಎಂಬ ಸರಕಿನದು, ನಾನು ಪ್ಯಾನೆಲ್ ತಯಾರಿಸುವವನಲ್ಲ.

ಈ ಹೆಸರಿಗೂ ಒಂದು ತೊಡಕು ಇದೆ. ಮೊನ್ನೆ ಅಜ್ಜಿಯೊಬ್ಬರು ಮಾಳಿಗೆಯತ್ತ ಕೈ ತೋರಿಸಿ, “ಮೂಡಲ ಅಂತ ಬರೆದುಕೊಂಡು ಯಮನ ದಿಕ್ಕಿಗೆ ಯಾಕಪ್ಪಾ ತಿರುಗಿಸಿದೆ?” ಎಂದು ಕೇಳಿದರು. ವರ್ಷದ ಬಹುಪಾಲು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ತೆಂಕಲಿಗೆ ವಾಲಿರುತ್ತಾನೆ, ಬಿಸಿಲು ಅಲ್ಲಿಂದಲೇ ಹೆಚ್ಚು ಸಿಗುತ್ತದೆ ಎಂದೆ. ಅಜ್ಜಿ ಅಂಗಳದಲ್ಲಿ ಬಿದ್ದಿದ್ದ ತಮ್ಮ ನೆರಳನ್ನು ನೋಡಿಕೊಂಡು ಒಳಗೆ ಹೋಗಿ ಮಜ್ಜಿಗೆ ತಂದರು.