ಸೈಬರ್ ವಂಚನೆ ದೂರು: ಕಥೆ ಆಮೇಲೆ, ಮೊದಲು ದುಡ್ಡು ಹೋದ ದಾರಿ ಬರೀರಿ

ನಂದು ಪೊಲೀಸ್ ಠಾಣೆ ಎದುರಿಗಿರೋ ಟೈಪಿಂಗ್ ಅಂಗಡಿ, ಜೆರಾಕ್ಸು ಲ್ಯಾಮಿನೇಷನ್ನೂ ಇದೆ. ಮೊದಲೆಲ್ಲಾ ಬೈಕ್ ಕಳ್ಳತನ, ಪರ್ಸ್ ಕಳೆದೋಯ್ತು ಅಂತ ಅರ್ಜಿ ಬರೆಸಕ್ಕೆ ಬರೋರು, ಈಗ ಹತ್ತರಲ್ಲಿ ಆರು ಜನ ಮೊಬೈಲ್ ಹಿಡ್ಕೊಂಡು ಬರ್ತಾರೆ, ಅಕೌಂಟಿಂದ ದುಡ್ಡು ಹೋಯ್ತು ಅಂತ. 2025ರ ನವೆಂಬರಲ್ಲಿ ಒಬ್ಬರು ರಿಟೈರ್ಡ್ ಟೀಚರ್ ಬಂದಿದ್ರು, ಕೈಯಲ್ಲಿ ಎರಡು ಪೇಜ್ ಅವರೇ ಬರ್ಕೊಂಡಿದ್ದ ದೂರು, ಅಕ್ಷರ ಮುತ್ತಿನ ಹಾಗಿತ್ತು. ಆದ್ರೆ ಆ ಎರಡು ಪೇಜಲ್ಲಿ ಒಂದೇ ಒಂದು ಟ್ರಾನ್ಸಾಕ್ಷನ್ ನಂಬರ್ ಇರ್ಲಿಲ್ಲ. ಪೆನ್ಷನ್ ದುಡ್ಡು, ಯಜಮಾನ್ರ ಆಪರೇಷನ್, ಮಾತಾಡಿದವನು ಎಷ್ಟು ಮರ್ಯಾದೆಯಿಂದ ಮಾತಾಡಿದ ಅನ್ನೋದು ಎಲ್ಲಾ ಇತ್ತು. "ಟೀಚರ್, ಇದು ಸರಿ ಇದೆ, ಆದ್ರೆ ಬ್ಯಾಂಕಿನವರು ಇದ್ರಲ್ಲಿ ಏನನ್ನ ಹುಡುಕ್ಬೇಕು?" ಅಂದೆ. "ಅಂದ್ರೆ ಏನಪ್ಪಾ ಬರೀಬೇಕು ಮತ್ತೆ?" ಅಂದ್ರು. ಆವತ್ತು ಅವರ ದೂರನ್ನ ಹೆಂಗೆ ತಿದ್ದಿ ಬರೆದ್ವಿ ಅನ್ನೋದನ್ನೇ ಇಲ್ಲಿ ಹೇಳ್ತೀನಿ.

ನಡೆದದ್ದು ಇಷ್ಟು. ಟೀಚರ್ ಮೇಲ್ಗಡೆ ಮನೆ ಬಾಡಿಗೆಗಿದೆ ಅಂತ ಆನ್‌ಲೈನಲ್ಲಿ ಹಾಕಿದ್ರು. ಮಿಲ್ಟ್ರಿ ಆಫೀಸರ್ ಅಂತ ಹೇಳ್ಕೊಂಡು ಒಬ್ಬ ಫೋನ್ ಮಾಡ್ದ, ಟ್ರಾನ್ಸ್‌ಫರ್ ಆಗಿದೆ, ಮನೆ ನೋಡೋದೂ ಬೇಡ, ಅಡ್ವಾನ್ಸ್ ಈಗಲೇ ಹಾಕ್ತೀನಿ ಅಂದ. ವಾಟ್ಸಾಪಲ್ಲಿ ಕ್ಯೂಆರ್ ಕೋಡ್ ಕಳಿಸಿ, ಇದನ್ನ ಸ್ಕ್ಯಾನ್ ಮಾಡಿ ಪಿನ್ ಹೊಡೆದ್ರೆ ದುಡ್ಡು ನಿಮಗೆ ಬರುತ್ತೆ ಅಂದ. ಟೆಸ್ಟಿಗೆ ಅಂತ ಇವರಿಂದ 5 ರೂಪಾಯಿ ಹೋಯ್ತು, ವಾಪಸ್ 10 ರೂಪಾಯಿ ಬಂತು, ನಂಬಿಕೆ ಹುಟ್ತು. ಆಮೇಲೆ 25,000, "ಸ್ಟಕ್ ಆಯ್ತು" ಅಂತ ಇನ್ನೊಂದು 25,000, ಕೊನೆಗೆ 18,500. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕೋದು ಕೊಡೋದಕ್ಕೆ, ತಗೊಳ್ಳೋದಕ್ಕೆ ಪಿನ್ನೇ ಬೇಡ, ಇದು ಆಮೇಲೆ ಎಲ್ಲರಿಗೂ ಗೊತ್ತಾಗುತ್ತೆ ಬಿಡಿ.

ಬರೆಯೋದಕ್ಕಿಂತ ಮೊದಲು ಫೋನ್. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಮಾಡಿ, ದೂರು ಚೆನ್ನಾಗಿ ಬರೆದು ಆಮೇಲೆ ಮಾಡೋಣ ಅಂತ ಕೂರಬೇಡಿ. ಯಾಕಂದ್ರೆ ಕಳ್ಳನ ಅಕೌಂಟಿಗೆ ಹೋದ ದುಡ್ಡು ಅಲ್ಲಿ ಕೂತಿರಲ್ಲ, ನಿಮಿಷಗಳಲ್ಲಿ ಇನ್ನೊಂದು ಅಕೌಂಟಿಗೆ, ಅಲ್ಲಿಂದ ಮತ್ತೊಂದಕ್ಕೆ, ಇಲ್ಲಾಂದ್ರೆ ಎಟಿಎಂ. 1930ರವರು ನೀವು ಕೊಟ್ಟ ವಿವರ ಹಾಕಿದ ತಕ್ಷಣ ಅದು ಬ್ಯಾಂಕಿಗೆ ಹೋಗುತ್ತೆ, ದುಡ್ಡು ಇನ್ನೂ ಅಲ್ಲಿದ್ರೆ ತಡೆ ಹಿಡೀತಾರೆ. ಅವರು ಕೇಳೋದು ನಿಮ್ಮ ಬ್ಯಾಂಕ್, ಅಕೌಂಟ್ ನಂಬರ್, ಟ್ರಾನ್ಸಾಕ್ಷನ್ ನಂಬರ್, ದಿನಾಂಕ, ಮೊತ್ತ. ಇದನ್ನ ಒಂದು ಚೀಟೀಲಿ ಬರ್ಕೊಂಡೇ ಫೋನ್ ಹಚ್ಚಿ, ಯಾಕಂದ್ರೆ ಮಾತಾಡ್ತಾ ಇರೋ ಫೋನಲ್ಲೇ ಆ್ಯಪ್ ತೆಗೆದು ನಂಬರ್ ಓದಕ್ಕೆ ಹೋದ್ರೆ ಗಾಬರೀಲಿ ಕಾಲೇ ಕಟ್ಟಾಗುತ್ತೆ, ನಮ್ಮ ಅಂಗಡೀಲೇ ಎಷ್ಟು ಸಲ ನೋಡಿದೀನಿ. ಮಾತು ಮುಗಿದ ಮೇಲೆ ಒಂದು ದೂರಿನ ಸಂಖ್ಯೆ ಎಸ್ಸೆಮ್ಮೆಸ್ಸಲ್ಲಿ ಬರುತ್ತೆ, ಫೋನ್ ಮಾಡಿದ ಟೈಮಿನ ಜೊತೆ ಅದನ್ನೂ ಬರೆದಿಟ್ಕೊಳ್ಳಿ. ಆಮೇಲೆ ಅದೇ ಸಂಖ್ಯೆ ಇಟ್ಕೊಂಡು ಸರ್ಕಾರದ ಪೋರ್ಟಲ್ cybercrime.gov.in ಅಲ್ಲಿ ಪೂರ್ತಿ ದೂರು ತುಂಬಬೇಕು, 24 ಗಂಟೆ ಒಳಗೆ ಮುಗಿಸಿಬಿಡಿ.

ಈಗ ಆ ಟ್ರಾನ್ಸಾಕ್ಷನ್ ನಂಬರ್. ಜನ ಎಡವೋದು ಇಲ್ಲೇ. ಆ್ಯಪಲ್ಲಿ ಒಂದು ಪೇಮೆಂಟ್ ತೆಗೆದ್ರೆ ಎರಡು ಮೂರು ನಂಬರ್ ಕಾಣುತ್ತೆ. ಒಂದು ಆ ಆ್ಯಪಿನವರದ್ದೇ ಸ್ವಂತ ನಂಬರ್, ಫೋನ್‌ಪೇಲಿ T ಅಂತ ಶುರುವಾಗುತ್ತೆ, ಗೂಗಲ್ ಪೇಲಿ Google transaction ID ಅಂತಿರುತ್ತೆ, ಅಕ್ಷರ ಅಂಕಿ ಎಲ್ಲಾ ಕಲಸಿರುತ್ತೆ. ಬ್ಯಾಂಕಿಗೆ ಬೇಕಾಗಿರೋದು ಅದಲ್ಲ. ಬೇಕಾಗಿರೋದು 12 ಅಂಕಿಯ ನಂಬರ್, ಬರೀ ಅಂಕಿ, ಫೋನ್‌ಪೇಲಿ UTR ಅಂತಲೂ ಗೂಗಲ್ ಪೇಲಿ UPI transaction ID ಅಂತಲೂ ತೋರಿಸುತ್ತೆ, ಬ್ಯಾಂಕ್ ಸ್ಟೇಟ್‌ಮೆಂಟಲ್ಲೂ ಅದೇ ನಂಬರ್ ಇರುತ್ತೆ. ಅದೇ ಇದಾ ಅಂತ ನೋಡಕ್ಕೆ ನಂದೊಂದು ಉಪಾಯ ಇದೆ: ಸಾಮಾನ್ಯವಾಗಿ ಅದರ ಮೊದಲ ಅಂಕಿ ಇಸವಿಯ ಕೊನೇ ಅಂಕಿ, ಮುಂದಿನ ಮೂರು ಅಂಕಿ ಆ ವರ್ಷದ ಎಷ್ಟನೇ ದಿನ ಅನ್ನೋದು. ಟೀಚರ್ ದುಡ್ಡು ಹೋದದ್ದು 2025 ನವೆಂಬರ್ 14, ವರ್ಷದ 318ನೇ ದಿನ, ಅವರ ನಾಲ್ಕು ಪೇಮೆಂಟ್ ನಂಬರೂ 5318 ಅಂತಲೇ ಶುರುವಾಗ್ತಿತ್ತು. ಎಲ್ಲಾ ಕಡೆ ಹಿಂಗೇ ಇರುತ್ತೆ ಅಂತ ಪಟ್ಟು ಹಿಡೀಬೇಡಿ, ಆದ್ರೆ ಕೈಯಲ್ಲಿ ಬರೆಯುವಾಗ ಅಂಕಿ ಹಿಂದುಮುಂದಾದ್ರೆ ಬೇಗ ಗೊತ್ತಾಗುತ್ತೆ. ಇನ್ನೂ ಒಳ್ಳೇದು ಅಂದ್ರೆ ಕೈಯಲ್ಲಿ ಬರೆಯೋದೇ ಬೇಡ, ಕಾಪಿ ಪೇಸ್ಟ್ ಮಾಡಿ. ಒಂದು ಅಂಕಿ ತಪ್ಪಿದ್ರೆ ಅಂಥ ಟ್ರಾನ್ಸಾಕ್ಷನ್ನೇ ಇಲ್ಲ ಅಂತ ಉತ್ತರ ಬರುತ್ತೆ, ಅಷ್ಟೊತ್ತಿಗೆ ಮೀನು ಹೊಳೆ ಸೇರಿರುತ್ತೆ.

ಟೀಚರ್ ಲೆಕ್ಕದ ಪ್ರಕಾರ ಹೋಗಿದ್ದು 93,505 ರೂಪಾಯಿ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದ್ವಿ, 68,505 ಅಂತಿತ್ತು. ಏನಪ್ಪಾ ಅಂದ್ರೆ ಮಧ್ಯದಲ್ಲಿ ಇನ್ನೊಂದು 25,000 ಫೇಲ್ ಆಗಿತ್ತು, ಆ್ಯಪಲ್ಲಿ ಕೆಂಪಗೆ ಕಾಣ್ತಾ ಇತ್ತು, ಇವರು ಅದನ್ನೂ ಹೋಗಿದ್ದಕ್ಕೆ ಸೇರಿಸಿದ್ರು. ಹಂಗಾಗಿ ಆ್ಯಪ್ ನೋಡಿ ಮೊತ್ತ ಬರೀಬೇಡಿ, ಸ್ಟೇಟ್‌ಮೆಂಟ್ ಇಟ್ಕೊಂಡು ಒಂದೊಂದೇ ಸಾಲು ಟಿಕ್ ಹಾಕಿ. ಇನ್ನೊಂದು ವಿಷಯ, ಆ 5 ರೂಪಾಯಿ, 10 ರೂಪಾಯೀನೂ ಬಿಡಬೇಡಿ. ಟೀಚರ್ "ಹತ್ತು ರೂಪಾಯಿ ಬಂದಿದ್ದಲ್ವಾ, ಅದ್ಯಾಕೆ ದೂರಲ್ಲಿ" ಅಂದ್ರು. ಆದ್ರೆ ಆ ಹತ್ತು ರೂಪಾಯಿ ಬಂದದ್ದು ದುಡ್ಡು ಹೋದ ಯುಪಿಐ ಐಡಿಯಿಂದ ಅಲ್ಲ, ಬೇರೆ ಐಡಿಯಿಂದ. ಅಂದ್ರೆ ಕಳ್ಳರ ಕೈಲಿರೋ ಎರಡನೇ ಅಕೌಂಟ್ ಯಾವುದು ಅಂತ ಕಳ್ಳನೇ ತೋರಿಸಿಕೊಟ್ಟ ಹಂಗಾಯ್ತು.

ಇಷ್ಟು ಕೈಲಿದ್ರೆ ಟೈಮ್‌ಲೈನ್ ತಾನಾಗೇ ಬರುತ್ತೆ. ಅಂದಾಜು ಟೈಮ್ ಹಾಕಬೇಡಿ, ಕಾಲ್ ಲಾಗ್, ವಾಟ್ಸಾಪ್, ಬ್ಯಾಂಕಿನ ಎಸ್ಸೆಮ್ಮೆಸ್ಸು ಮೂರರಲ್ಲೂ ನಿಮಿಷದ ಸಮೇತ ಇದೆ, ಅದನ್ನೇ ಎತ್ಕೊಳ್ಳಿ. ಟೀಚರ್ ದೂರಲ್ಲಿ ನಾವು ಹಾಕಿದ್ದು ಹಿಂಗಿತ್ತು:

14-11-2025, ಸಂಜೆ 4.12: ಮನೆ ಬಾಡಿಗೆ ವಿಚಾರಕ್ಕೆ (ಪೂರ್ತಿ ಮೊಬೈಲ್ ನಂಬರ್) ಇಂದ ಕರೆ, 9 ನಿಮಿಷ. ಚಿತ್ರ 1.
5.26: ಅದೇ ನಂಬರಿಂದ ವಾಟ್ಸಾಪಲ್ಲಿ ಕ್ಯೂಆರ್ ಕೋಡ್ ಬಂತು. ಚಿತ್ರ 2.
5.31: ಸ್ಕ್ಯಾನ್ ಮಾಡಿ ಪಿನ್ ಹಾಕಿದೆ, ರೂ. 5 ಹೋಯಿತು. (ಯುಟಿಆರ್, ಯಾರ ಐಡಿಗೆ.) ಚಿತ್ರ 3.
5.33: ರೂ. 10 ಬಂತು. (ಯುಟಿಆರ್, ಯಾರ ಐಡಿಯಿಂದ.) ಚಿತ್ರ 4.
5.40: ರೂ. 25,000 ಹೋಯಿತು. ಚಿತ್ರ 5.
5.46: ರೂ. 25,000 ಹೋಯಿತು. ಚಿತ್ರ 6.
5.58: ರೂ. 18,500 ಹೋಯಿತು. ಚಿತ್ರ 7.
6.35: 1930ಕ್ಕೆ ಕರೆ ಮಾಡಿದೆ. (ದೂರಿನ ಸಂಖ್ಯೆ.)

ಕೊನೇ ಮೂರು ಪೇಮೆಂಟ್ ಸಾಲಲ್ಲೂ ಯುಟಿಆರ್, ಐಡಿ ಹಾಕಿದ್ವಿ, ಇಲ್ಲಿ ಜಾಗ ಉಳಿಸಕ್ಕೆ ಬಿಟ್ಟಿದೀನಿ. "ಸ್ಕ್ಯಾನ್ ಮಾಡಿ ಪಿನ್ ಹಾಕಿದೆ" ಅನ್ನೋ ಮಾತು ಬರೆಯಕ್ಕೆ ಟೀಚರಿಗೆ ಇಷ್ಟ ಇರ್ಲಿಲ್ಲ, ನಾಚಿಕೆ ಆಗುತ್ತೆ, ನಂಗೆ ಗೊತ್ತಿಲ್ದೇ ದುಡ್ಡು ಹೋಯ್ತು ಅಂತಲೇ ಬರೆಯಪ್ಪಾ ಅಂದ್ರು. ಬೇಡ ಅಂದೆ. ಪಿನ್ ಬಿದ್ದಿದೆ ಅನ್ನೋದು ಬ್ಯಾಂಕಿನ ದಾಖಲೇಲಿ ಇದ್ದೇ ಇರುತ್ತೆ, ಒಂದು ಸುಳ್ಳು ಸಿಕ್ಕಿಬಿದ್ರೆ ಉಳಿದ ನಿಜಕ್ಕೂ ಬೆಲೆ ಇರಲ್ಲ. ಆಗ ಜಾರಿಯಲ್ಲಿದ್ದ 2017ರ ಆರ್‌ಬಿಐ ಸುತ್ತೋಲೆ ಪ್ರಕಾರ ಗ್ರಾಹಕರ ಕಡೆಯಿಂದಾದ ತಪ್ಪಲ್ಲಿ ಹೋದ ದುಡ್ಡು, ಬ್ಯಾಂಕಿಗೆ ತಿಳಿಸೋ ತನಕ ಗ್ರಾಹಕರ ತಲೆ ಮೇಲೇ, ತಿಳಿಸಿದ ಮೇಲೆ ಏನಾದ್ರೂ ಹೋದ್ರೆ ಅದು ಬ್ಯಾಂಕಿಂದು. ಅದಕ್ಕೇ 1930 ಜೊತೆಗೆ ಬ್ಯಾಂಕಿಗೂ ತಕ್ಷಣ ತಿಳಿಸಿ, ಅವರು ಕೊಡೋ ದೂರಿನ ನಂಬರನ್ನೂ ಟೈಮನ್ನೂ ಟೈಮ್‌ಲೈನಲ್ಲಿ ಒಂದು ಸಾಲು ಸೇರಿಸಿ.

ಸ್ಕ್ರೀನ್‌ಶಾಟ್ ವಿಷಯಕ್ಕೆ ಬಂದ್ರೆ ಟೀಚರ್ ಮೊಬೈಲಲ್ಲಿ ಇಪ್ಪತ್ತಮೂರು ಇತ್ತು, ಅದ್ರಲ್ಲಿ ಉಪಯೋಗಕ್ಕೆ ಬಂದಿದ್ದು ಐದು. ಮಿಕ್ಕಿದ್ದೆಲ್ಲಾ ಕ್ರಾಪ್ ಮಾಡಿ, ಕೆಂಪು ಗೆರೆ ಎಳೆದು, ಮಗನಿಗೆ ಕಳಿಸಿದ್ದು. ಒರಿಜಿನಲ್ ಮುಟ್ಟಬೇಡಿ, ಗೆರೆ ಎಳೀಬೇಕು ಅಂದ್ರೆ ಕಾಪಿ ಮಾಡಿ ಎಳೀರಿ. ಪೇಮೆಂಟಿಗೆ ಹಿಸ್ಟರಿ ಪಟ್ಟಿಯ ಸ್ಕ್ರೀನ್‌ಶಾಟ್ ಸಾಲಲ್ಲ, ಒಂದೊಂದನ್ನೂ ಒತ್ತಿ ಒಳಗೆ ಹೋಗಿ ಯುಟಿಆರ್, ಐಡಿ, ಟೈಮ್ ಮೂರೂ ಕಾಣೋ ಪೇಜ್ ತೆಗೀರಿ. ವಾಟ್ಸಾಪಲ್ಲಿ ಅವನ ನಂಬರನ್ನ ಟೀಚರ್ "ಮನೆ ಬಾಡಿಗೆ ಆರ್ಮಿ" ಅಂತ ಸೇವ್ ಮಾಡ್ಕೊಂಡಿದ್ರು, ಹಂಗಾಗಿ ಚಾಟ್ ಪೂರ್ತಿ ಆ ಹೆಸರೇ, ನಂಬರ್ ಎಲ್ಲೂ ಇಲ್ಲ. ಮೇಲಿನ ಹೆಸರು ಒತ್ತಿದ್ರೆ ನಂಬರ್ ಬರೋ ಪೇಜ್ ತೆರೆಯುತ್ತೆ, ಅದನ್ನೂ ತೆಗೆದ್ವಿ. ಅದೇ ದಿನ ತೆಗೆದ ಚಾಟಲ್ಲಿ ದಿನಾಂಕದ ಜಾಗದಲ್ಲಿ "ಇವತ್ತು" ಅಂತಷ್ಟೇ ಇರುತ್ತೆ, ಮೂರು ತಿಂಗಳಾದ ಮೇಲೆ ನೋಡೋರಿಗೆ ಯಾವ ಇವತ್ತೋ, ಮಾರನೇ ದಿನ ಇನ್ನೊಂದು ಸಲ ತೆಗೆದ್ರೆ ಒಳ್ಳೇದು. ಆದ್ರೆ ಮೊದಲ ಸಲದ್ದು ಬಿಡಬೇಡಿ, ಅವನು ಮೆಸೇಜ್ ಡಿಲೀಟ್ ಮಾಡಿಬಿಡ್ತಾನೆ. ಫೈಲಿಗೆ 01, 02 ಅಂತ ಹೆಸರಿಟ್ಟು ಟೈಮ್‌ಲೈನಲ್ಲಿರೋ ಚಿತ್ರದ ನಂಬರಿಗೆ ಹೊಂದಿಸಿ. ಬ್ಯಾಂಕಿಂದ ಮೇಲಲ್ಲಿ ಬರೋ ಸ್ಟೇಟ್‌ಮೆಂಟ್ ಪಿಡಿಎಫಿಗೆ ಪಾಸ್‌ವರ್ಡ್ ಇರುತ್ತೆ, ಹಂಗೇ ಅಪ್‌ಲೋಡ್ ಮಾಡಿದ್ರೆ ಆ ಕಡೆ ತೆರೆಯಲ್ಲ, ಪ್ರಿಂಟ್ ಹಾಕಿ ಸ್ಕ್ಯಾನ್ ಮಾಡಿ ಹಾಕಿ, ಠಾಣೆಗೆ ಕೊಡೋಕೆ ಬ್ಯಾಂಕಿನ ಸೀಲ್ ಇರೋದೊಂದು ತಗೊಳ್ಳಿ.

ಪೋರ್ಟಲಲ್ಲಿ ವಿವರಣೆ ಬಾಕ್ಸಿಗೆ ಕನಿಷ್ಠ 200 ಅಕ್ಷರ ಬೇಕು, @ # ತರದ ಚಿಹ್ನೆ ಹಾಕಿದ್ರೆ ತಗೊಳ್ಳಲ್ಲ, ಯುಪಿಐ ಐಡಿ ಹಾಕಕ್ಕೆ ಹೋಗಿ ಜನ ತಲೆ ಚಚ್ಚಿಕೊಳ್ಳೋದು ಇದಕ್ಕೇ. ಐಡಿ, ಯುಟಿಆರ್, ಮೊತ್ತ ಹಾಕಕ್ಕೆ ಬೇರೆ ಕಾಲಂ ಇದೆ, ಒಂದೊಂದು ಪೇಮೆಂಟಿಗೂ ಬೇರೆ ಬೇರೆ ಎಂಟ್ರಿ ಮಾಡಿ, ನಾಲ್ಕೂ ಸೇರಿಸಿ 68,505 ಅಂತ ಒಂದೇ ಸಾಲು ಹಾಕಬೇಡಿ. ಟೀಚರ್ ಕಥೆಗೂ ಜಾಗ ಸಿಕ್ತು, ಆದ್ರೆ ಆರು ಸಾಲು ಅಷ್ಟೇ. ಆಪರೇಷನ್ ವಿಷಯ ತೆಗೆದ್ವಿ, ಅವನು ಯಾವ ಊರಿಗೆ ಟ್ರಾನ್ಸ್‌ಫರ್ ಅಂದ, ಯಾವ ಐಡಿ ಕಾರ್ಡ್ ಫೋಟೋ ಕಳಿಸ್ದ ಅನ್ನೋದು ಉಳಿಸಿದ್ವಿ.

ಮಾರನೇ ದಿನ ಅದೇ ಪ್ರಿಂಟ್ ಎರಡು ಸೆಟ್ ಮಾಡಿ ಠಾಣೆಗೆ ಹೋದ್ರು, ಒಂದಕ್ಕೆ ಸೀಲ್ ಹಾಕಿಸ್ಕೊಂಡು ತಂದ್ರು. ಎಫ್‌ಐಆರ್ ಆದ್ರೆ ಅದರ ಪ್ರತಿ ದುಡ್ಡಿಲ್ಲದೇ ಕೊಡಬೇಕು, ಕೇಳಿ ತಗೊಳ್ಳಿ. ಮೊದಲ ಎರಡು ಇಪ್ಪತ್ತೈದು ಸಾವಿರ ಅಷ್ಟೊತ್ತಿಗಾಗಲೇ ಎಟಿಎಮ್ಮಲ್ಲಿ ತೆಗೆದುಬಿಟ್ಟಿದ್ರು, ಕೊನೇ 18,500 ಮಾತ್ರ ಹೋಲ್ಡ್ ಆಗಿತ್ತು. ಹೋಲ್ಡ್ ಆದ ದುಡ್ಡು ತಾನಾಗೇ ಅಕೌಂಟಿಗೆ ಬರಲಿಲ್ಲ, ಆಗ ಕೋರ್ಟ್ ಆರ್ಡರ್ ಬೇಕಾಯ್ತು. ವಕೀಲ್ರು ಕೇಳಿದ ಕಾಗದ ಎರಡೇ, ಸೀಲ್ ಇರೋ ಸ್ಟೇಟ್‌ಮೆಂಟು, ದೂರಿನ ಪ್ರತಿ, ಎರಡರಲ್ಲೂ ಆ 5.58ರ ಯುಟಿಆರ್ ಒಂದೇ ಇದೆಯಾ ಅಂತ ಬೆರಳಿಟ್ಟು ಅಂಕಿ ಅಂಕಿ ಓದಿ ನೋಡಿದ್ರು.