ಮಕ್ಕಳ ಚರ್ಮದ ಕೀವು-ಕುರುವಿಗೆ ಸೆಫಾಲೆಕ್ಸಿನ್ ಸಿರಪ್: ಎಷ್ಟು ಎಂಎಲ್, ಎಷ್ಟು ದಿನ, ಲೆಕ್ಕ ಹೇಗೆ ನೋಡೋದು

ಬೇಸಿಗೆ ಬಂತು ಅಂದ್ರೆ ನಮ್ ಕ್ಲಿನಿಕ್‌ಗೆ ಬರೋ ಮಕ್ಕಳಲ್ಲಿ ಮೂಗಿನ ಕೆಳಗೆ, ಬಾಯಿ ಪಕ್ಕ ಜೇನುತುಪ್ಪ ಒಣಗಿದ ಹಾಗೆ ಹಳದಿ ಹಕ್ಕಳೆ ಕಟ್ಟಿರೋವ್ರು, ತಲೆ ಮೇಲೆ ಕುಂಡೆ ಮೇಲೆ ಕುರು ಎದ್ದಿರೋವ್ರು ಜಾಸ್ತಿ ಆಗ್ತಾರೆ. ಮನೆಯವರು ಹೇಳೋದು ಒಂದೇ ಮಾತು, ಮಾವಿನಹಣ್ಣು ತಿಂದು ಹೀಟ್ ಆಯ್ತು ಅಂತ. ಹಣ್ಣಿಂದ ಅಲ್ಲ. ಬೆವರುಸಾಲೆ, ಸೊಳ್ಳೆ ಕಡಿತ, ಕಜ್ಜಿ ಇವನ್ನ ಮಗು ಉಗುರಲ್ಲಿ ಕೆರೆದಾಗ ಚರ್ಮ ಸ್ವಲ್ಪ ಕಿತ್ತು, ಅಲ್ಲಿಂದ ಸ್ಟ್ಯಾಫ್ ಬ್ಯಾಕ್ಟೀರಿಯಾ, ಕೆಲವು ಸಲ ಅದರ ಜೊತೆ ಸ್ಟ್ರೆಪ್ ಕೂಡ ಒಳಗೆ ಹೋಗುತ್ತೆ. ಹಳದಿ ಹಕ್ಕಳೆದು ಇಂಪೆಟಿಗೋ, ಆಳದಲ್ಲಿ ಕೀವು ತುಂಬಿ ಗಟ್ಟಿಯಾಗಿ ನೋಯೋದು ಕುರು.

ಒಂದು ಮಗುವಿನ ಕತೆ ಹಿಡ್ಕೊಂಡೇ ಹೇಳ್ತೀನಿ, ಲೆಕ್ಕ ಆಗ ಸುಲಭ. ಎರಡೂವರೆ ವರ್ಷದ ಹುಡುಗ, ಮುಖ, ಎರಡೂ ಮೊಣಕೈ, ಕಾಲು ಎಲ್ಲಾ ಸೇರಿ ಹತ್ತು ಹನ್ನೆರಡು ಕಡೆ ಇಂಪೆಟಿಗೋ. ಬರೀ ಎರಡು ಮೂರು ಸಣ್ಣ ಪ್ಯಾಚ್ ಇದ್ದಿದ್ರೆ ಬಾಯಿಗೆ ಔಷಧಿ ಬೇಕಾಗ್ತಿರ್ಲಿಲ್ಲ, ಹಕ್ಕಳೆನ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಮೆತ್ತಗೆ ತೆಗೆದು ಮ್ಯುಪಿರೋಸಿನ್ ಮುಲಾಮು ದಿನಕ್ಕೆ ಎರಡು ಸಲದಂಗೆ 5 ದಿನ ಹಚ್ಚಿದ್ರೆ ಸಾಕಿತ್ತು. ಇಷ್ಟೊಂದು ಕಡೆ ಹಬ್ಬಿದಾಗ, ಅಥವಾ ಮನೇಲಿ ಒಬ್ಬರಿಂದ ಒಬ್ಬರಿಗೆ ಹರಡ್ತಾ ಇದ್ದಾಗ ಸಿರಪ್ ಬೇಕು.

ಯಾವ ಸಿರಪ್ ಅನ್ನೋದು ಮುಖ್ಯ. ಮನೇಲಿ ಉಳಿದಿರೋ ಅಮಾಕ್ಸಿಸಿಲಿನ್ ಕೊಟ್ಟು ಬರೋರು ಬಹಳ ಜನ. ಸ್ಟ್ಯಾಫ್ ಬ್ಯಾಕ್ಟೀರಿಯಾ ಒಂದು ಕಿಣ್ವ ಬಿಟ್ಟು ಅಮಾಕ್ಸಿಸಿಲಿನ್‌ನ ಒಡೆದು ಹಾಕುತ್ತೆ, ಹಾಗಾಗಿ ಬರೀ ಅದು ಕೊಟ್ಟರೆ ಪ್ರಯೋಜನ ಇಲ್ಲ. ಸೆಫಾಲೆಕ್ಸಿನ್ ಮತ್ತೆ ಕ್ಲಾಕ್ಸಾಸಿಲಿನ್ ಎರಡೂ ಆ ಕಿಣ್ವಕ್ಕೆ ಜಗ್ಗಲ್ಲ. ಎರಡರಲ್ಲಿ ನಾನು ಮಕ್ಕಳಿಗೆ ಮೊದ್ಲು ಬರೆಯೋದು ಸೆಫಾಲೆಕ್ಸಿನ್, ಯಾಕಂದ್ರೆ ಕ್ಲಾಕ್ಸಾಸಿಲಿನ್ ಕಹಿ, ದಿನಕ್ಕೆ ನಾಲ್ಕು ಸಲ ಕೊಡ್ಬೇಕು, ಅದೂ ಊಟಕ್ಕೆ ಒಂದು ಗಂಟೆ ಮುಂಚೆ ಇಲ್ಲ ಎರಡು ಗಂಟೆ ಆದ್ಮೇಲೆ ಖಾಲಿ ಹೊಟ್ಟೇಲಿ. ಎರಡೂವರೆ ವರ್ಷದ ಮಗುಗೆ ಇದನ್ನ ಏಳು ದಿನ ಮಾಡಿ ತೋರ್ಸಿದ ತಾಯಂದಿರು ಕಮ್ಮಿ. ಸೆಫಾಲೆಕ್ಸಿನ್ ಊಟದ ಜೊತೆ ಕೊಟ್ಟರೂ ನಡೆಯುತ್ತೆ.

ಈಗ ಮೊದಲ ಹೆಜ್ಜೆ, ತೂಕ. ವಯಸ್ಸು ನೋಡಿ ಡೋಸ್ ಹಾಕಬಾರದು, ಎರಡೂವರೆ ವರ್ಷದವರಲ್ಲಿ 9 ಕೆಜಿ ಮಗುನೂ ಇರುತ್ತೆ 15 ಕೆಜಿ ಮಗುನೂ ಇರುತ್ತೆ. ಮನೇಲಿ ತೂಕದ ಮೆಷಿನ್ ಇದ್ರೆ ಮಗುನ ಎತ್ಕೊಂಡು ನಿಂತು ನೋಡಿ, ಆಮೇಲೆ ಮಗು ಇಲ್ದೆ ನಿಂತು ನೋಡಿ ಕಳೆದ್ರೆ ಆಯ್ತು. ನಮ್ ಹುಡುಗ 12 ಕೆಜಿ.

ಎರಡನೇದು, ದಿನದ ಲೆಕ್ಕ. ಸೆಫಾಲೆಕ್ಸಿನ್ ಒಂದು ಕೆಜಿಗೆ ಒಂದು ದಿನಕ್ಕೆ 25ರಿಂದ 50 ಮಿಲಿಗ್ರಾಂ. ಇದನ್ನ ದಿನದಲ್ಲಿ ಎರಡು, ಮೂರು ಅಥವಾ ನಾಲ್ಕು ಪಾಲು ಮಾಡಿ ಕೊಡ್ತಾರೆ. ಇಲ್ಲಿ ಜನ ಎಡವೋದು ಯಾವುದ್ರಲ್ಲಿ ಅಂದ್ರೆ, ಈ 25-50 ಅನ್ನೋದು ಇಡೀ ದಿನದ್ದು, ಒಂದು ಸಲಕ್ಕೆ ಅಲ್ಲ. ಗಾಯ ಜಾಸ್ತಿ ಇತ್ತು ಅಂತ ನಾನು 50 ಹಿಡಿದೆ. 12 ಇಂಟು 50 ಅಂದ್ರೆ ದಿನಕ್ಕೆ 600 ಮಿಲಿಗ್ರಾಂ, ಮೂರು ಪಾಲು ಮಾಡಿದ್ರೆ ಒಂದು ಸಲಕ್ಕೆ 200 ಮಿಲಿಗ್ರಾಂ. ದೊಡ್ಡ ಮಕ್ಕಳಿಗೆ ಹೀಗೇ ಗುಣಿಸ್ತಾ ಹೋದ್ರೆ ದೊಡ್ಡವರ ಡೋಸ್ ದಾಟಿ ಹೋಗುತ್ತೆ, ಅದಕ್ಕೆ ಅಂಥವರಿಗೆ ಒಂದು ಸಲಕ್ಕೆ 500 ಮಿಲಿಗ್ರಾಂ ಕ್ಯಾಪ್ಸೂಲ್‌ಗೇ ಸಾಮಾನ್ಯವಾಗಿ ನಿಲ್ಲಿಸ್ತೀವಿ.

ಮೂರನೇ ಹೆಜ್ಜೆ ಮಿಲಿಗ್ರಾಂನ ಎಂಎಲ್ ಮಾಡೋದು, ನನ್ ಪ್ರಕಾರ ಇಡೀ ಲೇಖನದಲ್ಲಿ ಇದೊಂದನ್ನ ನೆನಪಿಟ್ಕೊಂಡ್ರೂ ಸಾಕು. ಸೆಫಾಲೆಕ್ಸಿನ್ ಡ್ರೈ ಸಿರಪ್, ಅಂದ್ರೆ ನೀರು ಹಾಕಿ ಕಲೆಸೋ ಪುಡಿ, ಎರಡು ಸ್ಟ್ರೆಂತ್‌ನಲ್ಲಿ ಬರುತ್ತೆ, 5 ಎಂಎಲ್‌ಗೆ 125 ಮಿಲಿಗ್ರಾಂ ಇರೋದು ಒಂದು, 5 ಎಂಎಲ್‌ಗೆ 250 ಇರೋದು ಇನ್ನೊಂದು. ಬಾಟ್ಲು ನೋಡೋಕೆ ಒಂದೇ ಥರ. 250ರದ್ದಾದ್ರೆ ಒಂದು ಎಂಎಲ್‌ನಲ್ಲಿ 50 ಮಿಲಿಗ್ರಾಂ, ಹಾಗಾಗಿ 200 ಬೇಕು ಅಂದ್ರೆ 4 ಎಂಎಲ್. 125ರದ್ದಾದ್ರೆ ಒಂದು ಎಂಎಲ್‌ನಲ್ಲಿ 25 ಅಷ್ಟೇ, ಅದೇ 200ಕ್ಕೆ 8 ಎಂಎಲ್ ಬೇಕು. ಸಣ್ಣ ಕೂಸುಗಳಿಗೆ ಅಂತ ಡ್ರಾಪ್ಸ್ ಬೇರೆ ಬರುತ್ತೆ, ಅದು ಒಂದು ಎಂಎಲ್‌ಗೆ 100 ಮಿಲಿಗ್ರಾಂ. ಸಿರಪ್ ಅಂದ್ಕೊಂಡು ಡ್ರಾಪ್ಸ್‌ನ 4 ಎಂಎಲ್ ಕೊಟ್ಟರೆ ಡಬಲ್ ಡೋಸ್.

ನಾನು ಚೀಟೀಲಿ 250ರ ಸಿರಪ್, 4 ಎಂಎಲ್ ಮೂರು ಹೊತ್ತು 7 ದಿನ ಅಂತ ಬರೆದಿದ್ದೆ. ಮೂರನೇ ದಿನ ಅವರಮ್ಮ ವಾಪಸ್ ಬಂದ್ರು. ಡಾಕ್ಟ್ರೇ ಏನೂ ಕಮ್ಮಿ ಆಗಿಲ್ಲ, ಹೊಟ್ಟೆ ಮೇಲೂ ಹೊಸದಾಗಿ ಎರಡು ಎದ್ದಿದೆ, ಬೇರೆ ಸ್ಟ್ರಾಂಗ್ ಔಷಧಿ ಬರ್ಕೊಡಿ ಅಂದ್ರು. ನಾನು, ಬಾಟ್ಲು ತಂದಿದ್ದೀರೇನಮ್ಮ ತೋರ್ಸಿ ಅಂದೆ. 125ರದ್ದು. ಅಂಗಡೀಲಿ 250ರದ್ದು ಇರ್ಲಿಲ್ಲ ಅಂತ ಇದನ್ನ ಕೊಟ್ಟಿದ್ದಾರೆ, ಚೀಟೀಲಿದ್ದ 4 ಎಂಎಲ್ ಮಾತ್ರ ಹಾಗೇ ಉಳಿದಿದೆ. ಅಂದ್ರೆ ಮಗುಗೆ ಸಲಕ್ಕೆ ಹೋಗಿದ್ದು 200 ಅಲ್ಲ, 100. ದಿನಕ್ಕೆ 300, ಕೆಜಿಗೆ 25, ಅಂದ್ರೆ ರೇಂಜಿನ ತೀರಾ ಕೆಳಗಿನ ಮೆಟ್ಟಿಲು. ಅದರ ಮೇಲೆ ಅಳತೆ ಅಡುಗೆಮನೆ ಚಮಚದಲ್ಲಿ, ಉಗುಳಿದ್ದು ಎಷ್ಟೋ ಗೊತ್ತಿಲ್ಲ. ಔಷಧಿ ಸೋತಿದೆ ಅಂತ ಅಲ್ಲಿ ಹೇಳೋಕೆ ಬರಲ್ಲ, ಔಷಧಿ ಸರಿಯಾಗಿ ಹೋಗೇ ಇಲ್ಲ. ಅದಾದ್ಮೇಲೆ ನಾನು ಚೀಟೀಲಿ ಎಂಎಲ್ ಪಕ್ಕ ಮಿಲಿಗ್ರಾಂ ಕೂಡ ಬರೆಯೋಕೆ ಶುರು ಮಾಡ್ದೆ, ನೀವೂ ನಿಮ್ ಡಾಕ್ಟರ್ ಹತ್ರ ಬರೆಸ್ಕೊಳ್ಳಿ.

ಪುಡಿ ಕಲೆಸೋದ್ರಲ್ಲೂ ತಪ್ಪಾಗುತ್ತೆ. ಬಾಟ್ಲನ್ನ ತಟ್ಟಿ ಪುಡಿ ಸಡಿಲ ಮಾಡಿ, ಕುದಿಸಿ ಪೂರ್ತಿ ಆರಿಸಿದ ನೀರನ್ನ ಅರ್ಧ ಹಾಕಿ ಚೆನ್ನಾಗಿ ಕುಲುಕಿ, ಆಮೇಲೆ ಗುರುತಿನವರೆಗೆ ನೀರು ಹಾಕಿ ಇನ್ನೊಂದ್ಸಲ ಕುಲುಕಬೇಕು. ನೊರೆ ಇಳಿದ ಮೇಲೆ ಮಟ್ಟ ಗುರುತಿಗಿಂತ ಕೆಳಗಿದ್ರೆ ಇನ್ನಷ್ಟು ಹಾಕಿ. ಪ್ರತಿ ಸಲ ಕೊಡೋ ಮುಂಚೆ ಕುಲುಕಲೇಬೇಕು, ಇಲ್ಲಾಂದ್ರೆ ಮೊದಲ ದಿನ ನೀರು, ಕೊನೇ ದಿನ ಗಟ್ಟಿ ಔಷಧಿ. ಅಳೆಯೋಕೆ ಸೂಜಿ ಇಲ್ಲದ ಸಿರಿಂಜ್ ತಗೊಳ್ಳಿ. ಕೊಟ್ಟ ಅರ್ಧ ಗಂಟೆ ಒಳಗೆ ಪೂರ್ತಿ ವಾಂತಿ ಮಾಡಿದ್ರೆ ಒಂದ್ಸಲ ಮತ್ತೆ ಕೊಡಬಹುದು.

ಎಷ್ಟು ದಿನ ಅನ್ನೋದಕ್ಕೆ ಬರೋಣ. ಇಂಪೆಟಿಗೋಗೆ ಬಾಯಿಗೆ ಕೊಡೋದಾದ್ರೆ ರೂಢೀಲಿರೋದು 7 ದಿನ, 5 ದಿನ ಸಾಕು ಅನ್ನೋ ಮಾರ್ಗಸೂಚಿನೂ ಇದೆ, ನಿಮ್ ಡಾಕ್ಟರ್ ಯಾವುದು ಹೇಳಿದ್ದಾರೋ ಅದು ಪೂರ್ತಿ. ಆದ್ರೆ ನಾನು ನೋಡೋದು ಏನಂದ್ರೆ ಎಷ್ಟೋ ಮನೇಲಿ ಕೋರ್ಸ್ ಮುಗಿಯೋದು ದಿನದ ಲೆಕ್ಕದಲ್ಲಿ ಅಲ್ಲ, ಬಾಟ್ಲು ಖಾಲಿ ಆದಾಗ. 4 ಎಂಎಲ್ ಮೂರು ಹೊತ್ತು ಅಂದ್ರೆ ದಿನಕ್ಕೆ 12, ಏಳು ದಿನಕ್ಕೆ 84 ಎಂಎಲ್. 30 ಎಂಎಲ್ ಬಾಟ್ಲು ಎರಡೂವರೆ ದಿನಕ್ಕೆ ಮುಗಿದು ಹೋಗುತ್ತೆ, ಹಾಗಾಗಿ ಮೂರು ಬಾಟ್ಲು ಮೊದಲೇ ತಗೋಬೇಕು, ಎಲ್ಲವನ್ನೂ ಒಟ್ಟಿಗೆ ಕಲೆಸಬಾರದು, ಒಂದು ಮುಗಿದ ಮೇಲೆ ಇನ್ನೊಂದು. ಕೊನೆಗೆ ಉಳಿದಿದ್ದನ್ನ ಮುಂದಿನ ಸಲಕ್ಕೆ ಅಂತ ಇಡಬೇಡಿ, ಚೆಲ್ಲಿ.

ಕ್ಲಾಕ್ಸಾಸಿಲಿನ್ ಬರೆದಿದ್ರೆ ಲೆಕ್ಕ ಬೇರೆ, ಒಂದು ಕೆಜಿಗೆ ದಿನಕ್ಕೆ 50ರಿಂದ 100 ಮಿಲಿಗ್ರಾಂ, ನಾಲ್ಕು ಪಾಲು, ದಿನಗಳು ಅಷ್ಟೇ. ಇದೇ 12 ಕೆಜಿ ಹುಡುಗನಿಗೆ ಸಲಕ್ಕೆ 150ರಿಂದ 300ರ ಒಳಗೆ ಬರುತ್ತೆ, 250 ಅಂತ ಹಿಡಿದ್ರೆ 5 ಎಂಎಲ್‌ಗೆ 125 ಇರೋ ಸಿರಪ್‌ನಲ್ಲಿ 10 ಎಂಎಲ್. ನಮ್ಮಲ್ಲಿ ಇದು ಆಂಪಿಸಿಲಿನ್ ಜೊತೆ ಬೆರೆಸಿದ ಕ್ಯಾಪ್ಸೂಲಾಗಿಯೇ ಜಾಸ್ತಿ ಸಿಗೋದು, 500 ಅಂತ ಬರೆದಿದ್ರೂ ಒಳಗೆ ಕ್ಲಾಕ್ಸಾಸಿಲಿನ್ 250 ಮಾತ್ರ ಇರುತ್ತೆ, ಲೇಬಲ್‌ನ ಸಣ್ಣಕ್ಷರ ಓದಿ.

ಕುರು ವಿಷಯ ಇನ್ನೊಂದು ಥರ. ಕೀವು ತುಂಬಿ ಮೆತ್ತಗಾಗಿರೋ ಕುರುಗೆ ಸಿರಪ್ ಎಷ್ಟು ಕೊಟ್ಟರೂ ಒಳಗೆ ಸರಿಯಾಗಿ ಇಳಿಯಲ್ಲ, ಕೀವು ಹೊರಗೆ ಹೋಗೋದೇ ಟ್ರೀಟ್‌ಮೆಂಟ್. ಸಣ್ಣದಾದ್ರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೇಲಿ ಶಾಖ, ದಿನಕ್ಕೆ ಮೂರು ನಾಲ್ಕು ಸಲ, ತಾನೇ ಒಡೆಯುತ್ತೆ. ದೊಡ್ಡದಾದ್ರೆ ಡಾಕ್ಟರ್ ಕೊಯ್ದು ತೆಗೀತಾರೆ. ಮನೇಲಿ ಹಿಂಡಬೇಡಿ, ಅದ್ರಲ್ಲೂ ಮೂಗು ಮೇಲ್ದುಟಿ ಹತ್ತಿರದ್ದನ್ನ ಮುಟ್ಟಲೇಬೇಡಿ. ಜ್ವರ ಇದ್ರೆ, ಸುತ್ತ ಕೆಂಪು ಹರಡ್ತಿದ್ರೆ, ಒಂದಕ್ಕಿಂತ ಹೆಚ್ಚು ಕುರು ಇದ್ರೆ, ಮುಖದ ಮೇಲಿದ್ರೆ ಅಥವಾ ಕೂಸು ತುಂಬಾ ಸಣ್ಣದಿದ್ರೆ ಕೀವು ತೆಗೆದ ಜೊತೆಗೆ ಸೆಫಾಲೆಕ್ಸಿನ್ ಮೇಲೆ ಹೇಳಿದ ಡೋಸಲ್ಲೇ 5ರಿಂದ 7 ದಿನ.

ಸರಿಯಾದ ಡೋಸ್ ಎರಡು ಮೂರು ದಿನ ಹೋದ ಮೇಲೆ ಹೊಸ ಗಾಯ ಏಳೋದು ನಿಲ್ಲಬೇಕು, ಇರೋದು ಒಣಗೋಕೆ ಶುರು ಆಗ್ಬೇಕು. ಆಗ್ಲಿಲ್ಲ ಅಂದ್ರೆ ಎಮ್ಆರ್‌ಎಸ್‌ಎ ಅನ್ನೋ ಸ್ಟ್ಯಾಫ್ ಇರಬಹುದು, ಅದಕ್ಕೆ ಈ ಎರಡು ಔಷಧಿನೂ ಕೆಲಸ ಮಾಡಲ್ಲ, ಡೋಸ್ ಏರಿಸಿದ್ರೂ ಅಷ್ಟೇ. ಕೀವನ್ನ ಕಲ್ಚರ್‌ಗೆ ಕಳಿಸಿ ಬೇರೆ ಔಷಧಿ ಆರಿಸಬೇಕು. ಒಂದು ತಿಂಗಳ ಒಳಗಿನ ಕೂಸು, ಮಂಕಾಗಿರೋ ಮಗು, ಕಣ್ಣಿನ ಸುತ್ತ ಊತ, ಸುಟ್ಟ ಹಾಗೆ ಚರ್ಮ ಸುಲಿಯೋದು, ಇವು ಸಿರಪ್ ಕೊಟ್ಟು ಕಾಯೋ ಕೇಸಲ್ಲ, ಅವತ್ತೇ ಆಸ್ಪತ್ರೆಗೆ. ಹಿಂದೆ ಪೆನಿಸಿಲಿನ್, ಅಮಾಕ್ಸಿಸಿಲಿನ್ ಕೊಟ್ಟಾಗ ಮೈಮೇಲೆ ದದ್ದು ಎದ್ದಿದ್ರೆ ಇಲ್ಲ ಉಸಿರು ಕಟ್ಟಿದ್ರೆ, ಕಿಡ್ನಿ ತೊಂದ್ರೆ ಇದ್ರೆ, ಡಾಕ್ಟರ್ ಬರೆಯೋ ಮುಂಚೆನೇ ಹೇಳಿ.

ನಮ್ ಹುಡುಗನ ಡೋಸ್ ಸರಿ ಮಾಡಿ 125ರದ್ದನ್ನೇ 8 ಎಂಎಲ್ ಕೊಡೋಕೆ ಹೇಳ್ದೆ, ಎರಡು ದಿನದಲ್ಲಿ ಮುಖ ಒಣಗ್ತು. ಬೆರಳ ಸಂದಿ ನೋಡಿದ್ರೆ ಕಜ್ಜಿ, ಅಕ್ಕನಿಗೂ ರಾತ್ರಿ ಹೊತ್ತು ಕೆರೆತ. ಅದನ್ನ ಬಿಟ್ಟರೆ ಮುಂದಿನ ತಿಂಗಳು ಮತ್ತೆ ಇದೇ ಕೀವು ಅಂತ ಮನೆಯವರಿಗೆಲ್ಲ ಒಂದೇ ದಿನ ರಾತ್ರಿ ಒಟ್ಟಿಗೆ ಕಜ್ಜಿ ಮುಲಾಮು ಹಚ್ಚಿಸ್ದೆ. ಗಾಯ ಪೂರ್ತಿ ವಾಸಿಯಾದ ಮೇಲೂ ಒಂದು ವಿಷಯ ನೋಡ್ತಿರಿ ಅಂತ ಅವರಮ್ಮನಿಗೆ ಹೇಳಿದ್ದೆ, ಸ್ಟ್ರೆಪ್‌ನಿಂದ ಆದ ಚರ್ಮದ ಕೀವಿನ ನಂತ್ರ ಕೆಲವು ವಾರ ಬಿಟ್ಟು ಕಿಡ್ನಿ ಊದಿಕೊಳ್ಳೋದು ಉಂಟು, ಆಂಟಿಬಯಾಟಿಕ್ ಸರಿಯಾಗಿ ಕೊಟ್ಟಿದ್ರೂ ಅದು ಖಂಡಿತ ತಪ್ಪುತ್ತೆ ಅನ್ನೋಕಾಗಲ್ಲ. ಬೆಳಿಗ್ಗೆ ಎದ್ದಾಗ ಮುಖ ಊದಿದ್ರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಅವತ್ತೇ ಮೂತ್ರ ಟೆಸ್ಟ್ ಮಾಡಿಸಿ, ಬಿಪಿ ನೋಡಿಸಿ.