ಆರನೇ ತರಗತಿಯಲ್ಲಿ ಪ್ರಶ್ನೆ ಎಣಿಸಿದ್ದು: ನನ್ನ ಅನುಭವ

"ಮಾರ್ಕ್ಸ್ ಜಾಸ್ತಿ ತಗೊಳ್ಳೋರೇ ಹುಡುಗಿಯರು. ಇನ್ನು ತಾರತಮ್ಯ ಎಲ್ಲೈತ್ರಿ ಸರ್?" ಪ್ರಶ್ನೆ ಕೇಳುವಾಗ ಹುಡುಗ-ಹುಡುಗಿ ಅಂತ ಭೇದ ಮಾಡುತ್ತೇವಾ, ಎಣಿಸಿ ನೋಡೋಣ ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೀಗೇ ಹೇಳಿದರು. ಗಂಗಾವತಿ ಕಡೆಯ ಸರ್ಕಾರಿ ಶಾಲೆ ನಮ್ಮದು. ನಾನು ಗಣಿತ, ವಿಜ್ಞಾನ ತಗೊಳ್ಳುತ್ತೇನೆ. ಈಗ ಅದೇ ಮಂದಿ ನಾನು ಎಣಿಸಲು ಮಾಡಿಕೊಂಡ ಹಾಳೆ ಝೆರಾಕ್ಸ್ ಮಾಡಿಸಿಕೊಂಡು ಹೋಗುತ್ತಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಪಕ್ಕದ ತರಗತಿಯ ಮೇಡಂ ಅವರನ್ನು ಹಿಂದೆ ಕೂರಿಸಿ, ಯಾರಿಗೆ ಎಷ್ಟು ಪ್ರಶ್ನೆ ಕೇಳುತ್ತೇನೆ ಅಂತ ಗೀಟು ಹಾಕಿಸಿದೆ. ಉಪಯೋಗವಾಗಲಿಲ್ಲ. ಯಾರೋ ನೋಡುತ್ತಿದ್ದಾರೆ ಅಂದರೆ ಯಾವ ಮೇಷ್ಟ್ರೂ ಅವತ್ತು ನೆಟ್ಟಗಿರುತ್ತಾನೆ. ಆಮೇಲೆ ಒಬ್ಬ ಹುಡುಗನಿಗೆ ಎಣಿಸಲು ಹೇಳಿದೆ, ಅವನು ತನ್ನ ಗೆಳೆಯರಿಗೆ ಎರಡೆರಡು ಗೀಟು ಹಾಕಿದ. ಆನ್‌ಲೈನ್‌ನಲ್ಲಿ ಒಂದು ರೆಕಾರ್ಡರ್ ತರಿಸಿದೆ. ಸಾವಿರದ ಇನ್ನೂರರ ಹತ್ತಿರ ಹೋಯಿತು, ಫ್ಯಾನಿನ ಸದ್ದು ಮಾತ್ರ ಚೆನ್ನಾಗಿ ಬಂತು.

ಕಡೆಗೆ ಕೆಲಸಕ್ಕೆ ಬಂದದ್ದು ಅಂಗಿ ಜೇಬಿನಲ್ಲಿದ್ದ ಹಳೇ ಫೋನು. ವಾರಕ್ಕೊಂದು ಸಲ, ಗಣಿತದ ಪಿರಿಯಡ್‌ನಲ್ಲಿ ಇಪ್ಪತ್ತು ನಿಮಿಷ ರೆಕಾರ್ಡ್. ಸಂಜೆ ಬಸ್ಸಿನಲ್ಲಿ ಕೇಳುತ್ತಾ, ಮಕ್ಕಳು ಕೂರುವ ಜಾಗದ ನಕ್ಷೆಯ ಮೇಲೆ ಗುರುತು. ಎಣಿಸಿ ಅಳಿಸಿಬಿಡುತ್ತೇನೆ. ಬರೀ ಗೀಟು ಹಾಕಬೇಡಿ. ನೆನಪಿನಿಂದ ಹೇಳುವ ಉತ್ತರಕ್ಕೆ 'ನೆ', ಯಾಕೆ-ಹೇಗೆಗೆ 'ಯಾ', ಬೋರ್ಡಿಗೆ ಕರೆದರೆ 'ಬೋ', ತಪ್ಪಿದಾಗ ಸುಳುಹು ಕೊಟ್ಟರೆ 'ಸು'.

ಒಟ್ಟು ಪ್ರಶ್ನೆಗಳು ಹೆಚ್ಚುಕಮ್ಮಿ ಸಮ ಇದ್ದವು. ಸಹೋದ್ಯೋಗಿಗಳ ಮಾತು ಅಲ್ಲಿಯವರೆಗೆ ಸರಿ. ಆದರೆ ಹುಡುಗಿಯರಿಗೆ ಬಂದದ್ದು ಹೆಚ್ಚಾಗಿ 'ನೆ'. ಸೂತ್ರ ಹೇಳು, ಲೆಕ್ಕ ಓದು. ಹದಿಮೂರೋ ಹದಿನಾಲ್ಕೋ 'ಯಾ' ಪ್ರಶ್ನೆಗಳಲ್ಲಿ ಅವರಿಗೆ ಸಿಕ್ಕಿದ್ದು ಮೂರು. ಇನ್ನೊಂದು, ಹುಡುಗ ತಪ್ಪಿದರೆ "ಇನ್ನೊಂದ್ಸಲ ನೋಡು, ಛೇದ ಎಷ್ಟೈತಿ?" ಅಂತ ಸುಳುಹು. ಹುಡುಗಿ ತಪ್ಪಿದರೆ "ಕೂತ್ಕೊ, ಯಾರು ಹೇಳ್ತೀರಿ?" ಬೇಜಾರು ಮಾಡಬಾರದು ಅನ್ನೋ ಮರುಕ ಅದು. ಮಾರ್ಕ್ಸ್ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ. ಪರೀಕ್ಷೆ ಕೇಳುವುದೂ ಬಹುಪಾಲು 'ನೆ' ತಾನೇ.

ಇದನ್ನು ಸರಿಪಡಿಸಲು, ಐಸ್‌ಕ್ರೀಮ್ ಕಡ್ಡಿಗಳ ಮೇಲೆ ಮಕ್ಕಳ ಹೆಸರು ಬರೆದು, ಡಬ್ಬಿಯಿಂದ ಎತ್ತಿದಾಗ ಯಾರ ಹೆಸರು ಬರುತ್ತೋ ಅವರನ್ನೇ ಕೇಳತೊಡಗಿದೆ. ಕಡ್ಡಿಗಳಿಗೆಲ್ಲ ಸೇರಿ ಐವತ್ತು ರೂಪಾಯಿ. ಮೊದಲ ವಾರ ಪೂರ್ತಿ ಸೋತಿತು. ಹೆಸರು ಬಂದ ಹುಡುಗಿಯರು ಎದ್ದು ನಿಂತು ನೆಲ ನೋಡಿದರು, ಹುಡುಗರು ಕೂತಲ್ಲಿಂದಲೇ ಉತ್ತರ ಕೂಗಿದರು. ಕ್ರಮ ಬದಲಿಸಿದ ಮೇಲೆ ದಾರಿಗೆ ಬಂತು: ಮೊದಲು ಪ್ರಶ್ನೆ, ಆಮೇಲೆ ಎಲ್ಲರೂ ಸ್ಲೇಟಿನಲ್ಲಿ ಬರೆಯೋದು, ಪಕ್ಕದವರ ಜೊತೆ ಒಂದು ಮಾತು, ಕೊನೆಗೆ ಕಡ್ಡಿ. ಕಡ್ಡಿ ಎತ್ತಿದ ಮೇಲೂ ಮನಸ್ಸಿನಲ್ಲೇ ಐದು ಎಣಿಸುತ್ತೇನೆ. ಮೇಷ್ಟ್ರುಗಳು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರಕ್ಕೆ ಏರಿಸಿದರೆ ಉತ್ತರ ಉದ್ದವಾಗುತ್ತದೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು.

ಈ ನಡುವೆ ಪಠ್ಯದ ಲೆಕ್ಕಗಳ ಮೇಲೂ ಕೈ ಹಾಕಿದೆ. 'ಒಬ್ಬ ರೈತನು' ಇದ್ದಲ್ಲಿ 'ಒಬ್ಬ ರೈತ ಮಹಿಳೆಯು' ಅಂತ ತಿದ್ದಿದರೆ ಮಕ್ಕಳಿಗೆ ಏನೂ ಅನ್ನಿಸಲಿಲ್ಲ. ರೈತರ ಚಿತ್ರ ಬರೆಯಿರಿ ಅಂದರೆ ತಾಯಂದಿರು ದಿನಾ ನಾಟಿಗೆ ಹೋಗುವ ಹುಡುಗಿಯರೂ ಮೀಸೆ ಇರುವವನನ್ನೇ ಬರೆದರು. ಆಗ ಭತ್ತದ ಕೆಲಸಗಳನ್ನು ಬೋರ್ಡಿನ ಮೇಲೆ ಬರೆದು, ಯಾವುದು ಯಾರದು ಅಂತ ಮಕ್ಕಳಿಂದಲೇ ಹೇಳಿಸಿದೆ. ಟ್ರ್ಯಾಕ್ಟರ್, ಔಷಧಿ ಹೊಡೆಯೋದು ಗಂಡಸರದು. ಸಸಿ ಕೀಳೋದು, ನಾಟಿ, ಕಳೆ ಹೆಣ್ಣುಮಕ್ಕಳದು. ಅದರಿಂದಲೇ ಲೆಕ್ಕ ಕಟ್ಟಿದೆ: ಎಕರೆ ನಾಟಿಗೆ 4,000 ಗುತ್ತಿಗೆ, ಅದರಲ್ಲೇ ಆಟೋ ಬಾಡಿಗೆ 500, ಹತ್ತು ಮಂದಿ. ತಲೆಗೆ ಎಷ್ಟು?

350 ಅಂತ ಹುಡುಗರು ಥಟ್ಟನೆ ಹೇಳಿದರು. ಹಿಂದಿನ ಸಾಲಿನಿಂದ ಒಬ್ಬಳು, "ಇಲ್ಲರಿ ಸರ್, ಮಂದಿ ಕೂಡಿಸೋಳಿಗೆ ಎರಡು ಪಾಲು ಕೊಡ್ತಾರ್ರಿ" ಅಂದಳು. ಹಾಗಾದರೆ ಹನ್ನೊಂದು ಪಾಲು. ಪಾಲಿಗೆ 318, ಎರಡು ರೂಪಾಯಿ ಶೇಷ. ಆ ಎರಡು ರೂಪಾಯಿ ಯಾರಿಗೆ ಅಂತ ಪಿರಿಯಡ್ ಮುಗಿಯೋವರೆಗೆ ಜಗಳ. ಆ ಹಾಳೆಯಲ್ಲಿ ಹುಡುಗಿಯರ ಕಡೆ ಏಳೆಂಟು 'ಯಾ' ಬಿದ್ದಿದ್ದವು. ಹೆಸರು ಮಾತ್ರ ಬದಲಿಸಿದ ಲೆಕ್ಕಗಳಲ್ಲಿ ಹೀಗೆ ಒಂದು ಸಲವೂ ಆಗಿರಲಿಲ್ಲ.

ವಿಜ್ಞಾನದ ಪ್ರಯೋಗದಲ್ಲಿ ಮಾತ್ರ ಕಡ್ಡಿ ಕೆಲಸ ಮಾಡುತ್ತಿಲ್ಲ. ಬ್ಯಾಟರಿ, ವೈರು ಹುಡುಗರ ಕೈಗೆ, ಪೆನ್ನು ಹುಡುಗಿಯರ ಕೈಗೆ ತಾನಾಗೇ ಹೋಗುತ್ತದೆ. ಐದು ನಿಮಿಷಕ್ಕೊಮ್ಮೆ ಬೆಲ್ ಹೊಡೆದು ಕೈ ಬದಲಿಸಿದೆ. ಹುಡುಗಿಯರು ವೈರು ಹಿಡಿದರು, ಆದರೆ ಎಲ್ಲಿ ಜೋಡಿಸಬೇಕು ಅಂತ ಹೇಳುತ್ತಿದ್ದವರು ಪೆನ್ನು ಹಿಡಿದ ಹುಡುಗರೇ. ಈ ತಿಂಗಳು ಹುಡುಗಿಯರದೇ ಬೇರೆ ಗುಂಪು ಮಾಡಿ ನೋಡುತ್ತಿದ್ದೇನೆ.